ಡಾಕ್ಟರ್ ಇಲ್ಲದ ದಿನ ಪೇಷೆಂಟ್‌ಗೆ ಕಳಿಸುವ ಮೆಸೇಜ್

ಕ್ಲಿನಿಕ್ ಫ್ರಂಟ್ ಡೆಸ್ಕ್‌ನಲ್ಲಿ ಇರುವವರಿಗೆ ಒಂದು ಸಲಹೆ. ಡಾಕ್ಟರ್ ಬರುವುದಿಲ್ಲ ಅಂತಾದರೆ ಮೊದಲ ಸಾಲಲ್ಲೇ ಹೇಳಿಬಿಡಿ. ನೋಟಿಫಿಕೇಶನ್‌ನಲ್ಲಿ ಕಾಣುವುದು ಅಷ್ಟೇ ಅಲ್ವಾ. "ಯಾವಾಗ ಬರ್ತೀರಿ?" ಎಂದು ಸುಮ್ನೆ ಕೇಳಬೇಡಿ, ಎರಡು ಸಮಯ ಕೊಡಿ:

"ನಾಳೆ ಮಂಗಳವಾರ ಬೆಳಿಗ್ಗೆ 10:30ರ ನಿಮ್ಮ ಅಪಾಯಿಂಟ್‌ಮೆಂಟ್ ಇರುವುದಿಲ್ಲ. ಡಾಕ್ಟರ್ ರಜೆಯಲ್ಲಿದ್ದಾರೆ, ಕ್ಷಮಿಸಿ. ಗುರುವಾರ ಬೆಳಿಗ್ಗೆ 11ಕ್ಕೆ ಬರುವುದಾದರೆ 1, ಶುಕ್ರವಾರ ಸಂಜೆ 5ಕ್ಕಾದರೆ 2 ಎಂದು ಕಳಿಸಿ. ಎರಡೂ ಆಗದಿದ್ದರೆ, ಮಾತ್ರೆ ಮುಗಿಯುತ್ತಿದ್ದರೆ ಅಥವಾ ತೊಂದರೆ ಜಾಸ್ತಿಯಾಗಿದ್ದರೆ ಈಗಲೇ ಫೋನ್ ಮಾಡಿ."

ಡಾಕ್ಟರ್ ಯಾಕೆ ರಜೆ ಎಂದು ಬರೆಯುವುದು ಬೇಡ. ಉತ್ತರ ಬರುವವರೆಗೆ ಆ ಎರಡು ಸಮಯವನ್ನು ಬೇರೆಯವರಿಗೆ ಕೊಡಬೇಡಿ. ಬೆಳಿಗ್ಗೆ ಮೊದಲು ಬರುವವರಿಗೆ, ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರುವವರಿಗೆ ಮಾತ್ರ ಮೆಸೇಜ್ ಸಾಲದು, ಫೋನೇ ಮಾಡಿ.