ಕ್ಯಾಂಡಲ್‌ನ ಬಣ್ಣ ಬಿಟ್ಟು ಐದು ಅಂಕಿ ಓದುವುದು: ನನ್ನ ಮೊದಲ ಶೀಟ್ ಹೀಗಿದೆ

ಷೇರಿನ ಒಂದು ದಿನದ ಬೆಲೆಗಳನ್ನು ಬಣ್ಣದ ಒಂದು ಕಂಬವಾಗಿ ತೋರಿಸುವ ಚಿತ್ರವೇ ಕ್ಯಾಂಡಲ್. ನನ್ನ ಶೀಟ್‌ನಲ್ಲಿ ಆ ಚಿತ್ರವೇ ಇಲ್ಲ. ಒಂದು ಷೇರಿಗೆ ದಿನಕ್ಕೊಂದು ಸಾಲು. ಆ ಸಾಲಿನಲ್ಲಿ ದಿನದ ಆರಂಭದ ಬೆಲೆಯಾದ ಓಪನ್, ಅತಿ ಹೆಚ್ಚಿನ ಬೆಲೆಯಾದ ಹೈ, ಅತಿ ಕಡಿಮೆ ಬೆಲೆಯಾದ ಲೋ, ಮುಕ್ತಾಯದ ಬೆಲೆಯಾದ ಕ್ಲೋಸ್, ಕೈ ಬದಲಾದ ಷೇರುಗಳ ಎಣಿಕೆಯಾದ ವಾಲ್ಯೂಮ್ ಇರುತ್ತವೆ, ಪಕ್ಕದಲ್ಲಿ ಅವುಗಳಿಂದ ಬರುವ ನಾಲ್ಕು ಲೆಕ್ಕ. ಚಿತ್ರ ನೋಡುವಾಗ ಕಣ್ಣು ಮೊದಲು ಹೋಗುವುದು ಬಣ್ಣದ ಮೇಲೆ, ಹೊಸಬರು ಹೆಚ್ಚು ಎಡವುವುದೂ ಅಲ್ಲೇ.

ಒಂದು ಉದಾಹರಣೆ ಲೆಕ್ಕ ಹಾಕೋಣ. ಷೇರಿನ ನಿನ್ನೆಯ ಕ್ಲೋಸ್ 400 ರೂಪಾಯಿ. ಇಂದು ಓಪನ್ 412, ಹೈ 424, ಲೋ 404, ಕ್ಲೋಸ್ 408, ವಾಲ್ಯೂಮ್ 18 ಲಕ್ಷ ಷೇರು. ಕ್ಲೋಸ್ ಓಪನ್‌ಗಿಂತ ಕೆಳಗಿರುವುದರಿಂದ ಕ್ಯಾಂಡಲ್ ಕೆಂಪು. ಆದರೆ ನಿನ್ನೆಗೆ ಹೋಲಿಸಿದರೆ ಷೇರು ಶೇ 2 ಏರಿದೆ, ಟಿವಿಯ ಪಟ್ಟಿಯಲ್ಲಿ ಅದು ಹಸಿರಾಗಿಯೇ ಓಡುತ್ತಿರುತ್ತದೆ. ಎರಡೂ ಸರಿ. ಕ್ಯಾಂಡಲ್‌ನ ಬಣ್ಣ ಇಂದಿನ ಓಪನ್ ಮತ್ತು ಕ್ಲೋಸ್ ನಡುವಿನ ಮಾತು, ಶೇಕಡಾ ಏರಿಳಿತ ನಿನ್ನೆಯ ಕ್ಲೋಸ್ ಜೊತೆಗಿನ ಮಾತು. ಆದ್ದರಿಂದ ನಿನ್ನೆಯ ಕ್ಲೋಸ್‌ಗೆ ಶೀಟ್‌ನಲ್ಲಿ ಬೇರೆಯೇ ಕಾಲಂ ಬೇಕು.

ನನ್ನ ಕಾಲಂಗಳು ಈ ಕ್ರಮದಲ್ಲಿವೆ: A ದಿನಾಂಕ, B ನಿನ್ನೆಯ ಕ್ಲೋಸ್, C ಓಪನ್, D ಹೈ, E ಲೋ, F ಕ್ಲೋಸ್, G ವಾಲ್ಯೂಮ್. ಮೊದಲ ಸಾಲು ತಲೆಬರಹ, ಎರಡನೆಯದರಿಂದ ದತ್ತಾಂಶ, ಹಳೆಯ ದಿನ ಮೇಲೆ. B ಕಾಲಂಗೆ ಮೇಲಿನ ಸಾಲಿನ F ಅನ್ನೇ ತರುತ್ತೇನೆ. 22ನೇ ಸಾಲಿನ ಲೆಕ್ಕಗಳು ಹೀಗಿರುತ್ತವೆ:

```
H22  =C22/B22-1
I22  =F22/B22-1
J22  =IF(D22=E22,"",(F22-E22)/(D22-E22))
K22  =G22/MEDIAN(G2:G21)
```

H ಗ್ಯಾಪ್, ಅಂದರೆ ನಿನ್ನೆಯ ಕ್ಲೋಸ್‌ಗೂ ಇಂದಿನ ಓಪನ್‌ಗೂ ಇರುವ ಅಂತರ. I ದಿನದ ಬದಲಾವಣೆ. J ಕಾಲಂ ನನಗೆ ಎಲ್ಲಕ್ಕಿಂತ ಮುಖ್ಯ. ದಿನವಿಡೀ ಬೆಲೆ ಓಡಾಡಿದ ಹಾದಿಯಲ್ಲಿ ಕ್ಲೋಸ್ ಎಲ್ಲಿ ನಿಂತಿತು ಎಂಬುದನ್ನು ಅದು 0ರಿಂದ 1ರೊಳಗೆ ಹೇಳುತ್ತದೆ: 0 ಎಂದರೆ ಲೋ, 1 ಎಂದರೆ ಹೈ. ನಮ್ಮ ಉದಾಹರಣೆಯಲ್ಲಿ ಹಾದಿ 424ರಿಂದ 404, ಅಂದರೆ 20 ರೂಪಾಯಿ. ಕ್ಲೋಸ್ ಲೋಗಿಂತ 4 ರೂಪಾಯಿ ಮೇಲೆ, ಹಾಗಾಗಿ J 0.20. ಇಂದಿನ ವಾಲ್ಯೂಮ್ ಹಿಂದಿನ 20 ದಿನಗಳ ಮಧ್ಯಾಂಕದ, ಅಂದರೆ ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿಯ, ಎಷ್ಟು ಪಟ್ಟು ಎಂಬುದು K. ಆ ಮಧ್ಯಾಂಕ 7.5 ಲಕ್ಷ ಎಂದುಕೊಂಡರೆ K 2.4.

ಈಗ ಸಾಲನ್ನು ಓದಿ. ಶೇ 3 ಗ್ಯಾಪ್‌ನಿಂದ ಮೇಲೆ ತೆರೆಯಿತು, 424ರವರೆಗೂ ಹೋಯಿತು, ಮಾಮೂಲಿಗಿಂತ ಎರಡೂವರೆ ಪಟ್ಟು ಹತ್ತಿರ ಷೇರು ಕೈ ಬದಲಾಯಿಸಿತು, ಆದರೂ ಕ್ಲೋಸ್ ಕೆಳಗಿನ ಕಾಲುಭಾಗದಲ್ಲಿ. ಮೇಲಿನ ಬೆಲೆಯಲ್ಲಿ ಮಾರುವವರು ಸಾಕಷ್ಟು ಇದ್ದರು ಎಂಬಷ್ಟನ್ನು ಇದು ಹೇಳುತ್ತದೆ. 'ಶೇ 2 ಏರಿಕೆ' ಎಂಬ ಒಂದೇ ಅಂಕಿಯಲ್ಲಿ ಇದು ಕಾಣುವುದಿಲ್ಲ. ಆದರೆ ನಾಳೆ ಬೀಳುತ್ತದೆ ಎಂದು ಇದರಿಂದ ಹೇಳಲು ಬರುವುದಿಲ್ಲ. ಹೈ ಮೊದಲು ಬಂತೋ ಲೋ ಮೊದಲು ಬಂತೋ ಎಂಬುದೂ ದಿನದ ಕ್ಯಾಂಡಲ್‌ನಲ್ಲಿ ಇಲ್ಲ. ಬೆಳಿಗ್ಗೆ 404ಕ್ಕೆ ಕುಸಿದು, ಮಧ್ಯಾಹ್ನ 424ಕ್ಕೆ ಏರಿ, ಕೊನೆಗೆ 408ಕ್ಕೆ ಬಂದಿದ್ದರೂ ಇದೇ ಐದು ಅಂಕಿ. ಆ ಕ್ರಮ ಬೇಕೆಂದರೆ 15 ನಿಮಿಷದ ಚಾರ್ಟ್ ತೆರೆಯಲೇಬೇಕು.

ಅಂಕಿಗಳು ಹುಟ್ಟುವ ಬಗೆಯೂ ಗೊತ್ತಿರಬೇಕು. ಎನ್‌ಎಸ್‌ಇಯಲ್ಲಿ ಮಾಮೂಲಿ ವಹಿವಾಟು ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ. ಓಪನ್ ಮಾತ್ರ ಅದಕ್ಕೂ ಮೊದಲು, 9 ಗಂಟೆಗೆ ಶುರುವಾಗುವ ಪ್ರೀ-ಓಪನ್‌ನಲ್ಲಿ ನಿಗದಿಯಾಗುತ್ತದೆ. ಅಲ್ಲಿ ಸೇರಿದ ಆರ್ಡರ್‌ಗಳಲ್ಲಿ ಅತಿ ಹೆಚ್ಚು ಷೇರು ಹೊಂದಿಕೆಯಾಗುವ ಬೆಲೆಯೇ ಓಪನ್. ಅಲ್ಲಿ ಬೆಲೆ ಹುಟ್ಟದಿದ್ದರೆ ಮಾಮೂಲಿ ವಹಿವಾಟಿನ ಮೊದಲ ಟ್ರೇಡ್‌ನ ಬೆಲೆ ಓಪನ್ ಆಗುತ್ತದೆ. ವಹಿವಾಟು ಕಡಿಮೆ ಇರುವ ಸಣ್ಣ ಷೇರುಗಳಲ್ಲಿ ಹತ್ತಿಪ್ಪತ್ತು ಷೇರಿನ ಒಂದೇ ಟ್ರೇಡ್ ಓಪನ್ ಆಗಿಬಿಡಬಹುದು, ಅಂಥ ಗ್ಯಾಪ್‌ಗೆ ನಾನು ಬೆಲೆ ಕೊಡುವುದಿಲ್ಲ.

ಕ್ಲೋಸ್ ಕೊನೆಯ ಟ್ರೇಡ್‌ನ ಬೆಲೆ ಅಲ್ಲ. ಎನ್‌ಎಸ್‌ಇಯ ಬಹುಕಾಲದ ಪದ್ಧತಿಯಲ್ಲಿ ಅದು 3ರಿಂದ 3.30ರವರೆಗಿನ ಟ್ರೇಡ್‌ಗಳ ಸರಾಸರಿ. ಹೆಚ್ಚು ಷೇರು ಮಾರಾಟವಾದ ಬೆಲೆಗೆ ಹೆಚ್ಚು ತೂಕ. ಕೊನೆಯ ಟ್ರೇಡ್‌ನ ಬೆಲೆ ಬೇರೆಯೇ ಅಂಕಿ. ಆ್ಯಪ್‌ನಲ್ಲಿ 3.30ಕ್ಕೆ ಕಂಡದ್ದು 410, ರಾತ್ರಿ ನೋಡಿದರೆ 408 ಎಂದರೆ ಯಾರೂ ತಪ್ಪು ಮಾಡಿಲ್ಲ. ಶೀಟ್‌ನಲ್ಲಿ ಎರಡನ್ನೂ ಬೆರೆಸಬೇಡಿ, ಬೆರೆಸಿದರೆ ಮರುದಿನದ ಗ್ಯಾಪ್ ಲೆಕ್ಕವೂ ಕೆಡುತ್ತದೆ. ಕ್ಲೋಸ್ ನಿಗದಿಯ ನಿಯಮ ಬದಲಾದರೆ ಎಕ್ಸ್‌ಚೇಂಜ್ ಸುತ್ತೋಲೆ ಹೊರಡಿಸುತ್ತದೆ, ಅದರ ಮೇಲೆ ಕಣ್ಣಿರಲಿ.

ದತ್ತಾಂಶಕ್ಕೆ ಎರಡು ದಾರಿ. ಗೂಗಲ್ ಶೀಟ್ಸ್‌ನಲ್ಲಾದರೆ ಒಂದೇ ಸಾಲು ಸಾಕು:

```
=GOOGLEFINANCE("NSE:CANBK","all",TODAY()-60,TODAY(),"DAILY")
```

ಇದು ದಿನಾಂಕದ ಜೊತೆ 15:30 ಎಂಬ ಸಮಯವನ್ನೂ ತರುತ್ತದೆ. ಬರೀ ದಿನಾಂಕ ಕೊಟ್ಟು VLOOKUP ಮಾಡಿದರೆ ಸಿಗುವುದಿಲ್ಲ, INT ಹಾಕಿ ಸಮಯ ಕಳಚಬೇಕು. ಇನ್ನೊಂದು ದಾರಿ ಎನ್‌ಎಸ್‌ಇ ಪ್ರತಿ ಸಂಜೆ ಬಿಡುವ ಭಾವ್‌ಕಾಪಿ, ಅಂದರೆ ಆ ದಿನದ ಬೆಲೆಪಟ್ಟಿ. sec_bhavdata_full ಎಂಬ ಕಡತದಲ್ಲಿ LAST_PRICE, CLOSE_PRICE ಎರಡೂ ಬೇರೆ ಬೇರೆ ಇವೆ, ವಾಲ್ಯೂಮ್ TTL_TRD_QNTY ಕಾಲಂನಲ್ಲಿದೆ. ಅದೇ ಕಡತದ NO_OF_TRADES ಟ್ರೇಡ್‌ಗಳ ಎಣಿಕೆ, ಅದನ್ನು ವಾಲ್ಯೂಮ್ ಎಂದು ತೆಗೆದುಕೊಳ್ಳಬೇಡಿ. ಈ ಕಡತದಲ್ಲಿ ಮಾಮೂಲಿ ಷೇರುಗಳ ಗುರುತಾದ EQ ಶುರುವಾಗುವ ಮೊದಲು ಕಣ್ಣಿಗೆ ಕಾಣದ ಖಾಲಿ ಜಾಗ ಇರುತ್ತದೆ. ಫಿಲ್ಟರ್ ಏನೂ ಹಿಡಿಯದಿದ್ದರೆ TRIM ಹಾಕಿ. ಯಾವ ದಾರಿಯಾದರೂ ಒಂದನ್ನೇ ಹಿಡಿಯಿರಿ. ಬಿಎಸ್‌ಇಯ ವಾಲ್ಯೂಮ್ ಬೇರೆ ಲೆಕ್ಕ, ಅದನ್ನು ನಡುವೆ ಸೇರಿಸಿದರೆ K ಕಾಲಂಗೆ ಅರ್ಥವಿರುವುದಿಲ್ಲ.

K ಕಾಲಂ ಕೆಡುವುದು ಹೆಚ್ಚಾಗಿ ಮೂರು ಕಾರಣಕ್ಕೆ. ಮೊದಲನೆಯದು ಮಾರುಕಟ್ಟೆ ನಡೆಯುತ್ತಿರುವಾಗಲೇ ಶೀಟ್ ನೋಡುವುದು. 11 ಗಂಟೆಯ ವಾಲ್ಯೂಮ್ ಅರ್ಧ ದಿನದ್ದೂ ಅಲ್ಲ, ಆಗ ಕಾಣುವ 'ಕ್ಲೋಸ್' ಆ ಕ್ಷಣದ ಬೆಲೆ ಅಷ್ಟೆ. ಇಂದಿನ ಸಾಲನ್ನು ನಾನು ಸಂಜೆಯೇ ತುಂಬುತ್ತೇನೆ, ಮೌಲ್ಯವಾಗಿ ಅಂಟಿಸುತ್ತೇನೆ.

ಎರಡನೆಯದು ಷೇರು ವಿಭಜನೆ. ಬೆಂಗಳೂರಿನ ಕೆನರಾ ಬ್ಯಾಂಕ್ 2024ರ ಮೇ ತಿಂಗಳಲ್ಲಿ 10 ರೂಪಾಯಿ ಮುಖಬೆಲೆಯ ಷೇರನ್ನು 2 ರೂಪಾಯಿಯ ಐದು ಷೇರಾಗಿ ಒಡೆಯಿತು. ಕೈಯಾರೆ ತುಂಬಿದ ಶೀಟ್‌ನಲ್ಲಿ ಆ ದಿನ I ಕಾಲಂ ಶೇ 80ರಷ್ಟು ಕುಸಿತ ತೋರಿಸುತ್ತದೆ. ಹಳೆಯ ನಾಲ್ಕೂ ಬೆಲೆಗಳನ್ನು 5ರಿಂದ ಭಾಗಿಸಿದರೆ ಸಾಲದು, ಹಳೆಯ ವಾಲ್ಯೂಮ್ ಅನ್ನು 5ರಿಂದ ಗುಣಿಸಬೇಕು. ಇದನ್ನು ಮರೆತರೆ ಮುಂದಿನ ಸುಮಾರು ಎರಡು ವಾರ K ಸುಮ್ಮಸುಮ್ಮನೆ ಐದರ ಆಸುಪಾಸಿನಲ್ಲಿರುತ್ತದೆ, ಯಾರೋ ದೊಡ್ಡ ಮಟ್ಟದಲ್ಲಿ ಕೊಳ್ಳುತ್ತಿದ್ದಾರೆ ಎಂಬ ಭ್ರಮೆ ಹುಟ್ಟಿಸುತ್ತದೆ. ಬೋನಸ್ ಷೇರಿಗೂ ಇದೇ ಲೆಕ್ಕ: ಒಂದಕ್ಕೆ ಒಂದು ಕೊಟ್ಟರೆ ಬೆಲೆ ಅರ್ಧ, ವಾಲ್ಯೂಮ್ ಎರಡು ಪಟ್ಟು. I ಕಾಲಂ ಶೇ 15ಕ್ಕಿಂತ ಹೆಚ್ಚು ಇಳಿಕೆ ತೋರಿಸಿದರೆ ಆ ಸಾಲಿಗೆ ಹಳದಿ ಬರುವಂತೆ ಮಾಡಿದ್ದೇನೆ. ಹಳದಿ ಕಂಡರೆ ಕಂಪನಿಯ ಪ್ರಕಟಣೆ ನೋಡದೆ ಮುಂದೆ ಹೋಗುವುದಿಲ್ಲ.

ಮೂರನೆಯದು ದೀಪಾವಳಿಯ ಮುಹೂರ್ತ ವಹಿವಾಟು. ಒಂದು ಗಂಟೆಯಷ್ಟೇ ನಡೆದರೂ ಅದಕ್ಕೂ ಒಂದು ಪೂರ್ತಿ ಕ್ಯಾಂಡಲ್ ಬೀಳುತ್ತದೆ, ವಾಲ್ಯೂಮ್ ಮಾತ್ರ ಪುಟ್ಟದು. AVERAGE ಬಿಟ್ಟು MEDIAN ಬಳಸಿದ್ದು ಇಂಥ ಒಂಟಿ ದಿನಗಳಿಗಾಗಿಯೇ. ಒಂದು ಸಾಲು ಎಷ್ಟೇ ಸಣ್ಣದಾದರೂ ದೊಡ್ಡದಾದರೂ ಮಧ್ಯಾಂಕ ಅಲುಗುವುದು ಕಡಿಮೆ. ಮುಹೂರ್ತದ ಸಾಲನ್ನು ಅಳಿಸಬೇಡಿ, ಮರುದಿನದ B ಕಾಲಂಗೆ ಅದರ ಕ್ಲೋಸ್ ಬೇಕು. ಆ ದಿನದ J ಮತ್ತು K ಖಾನೆಗಳನ್ನು ಮಾತ್ರ ಖಾಲಿ ಬಿಡಿ.