ಕೆರೆಯ ಮೀನುಗಳು ಸತ್ತಾಗ ಸಂಪಾದಕರಿಗೆ ಪತ್ರ ಬರೆಯುವುದು ಹೇಗೆ?

ಬೆಂಗಳೂರಿನ ಕೆರೆಗಳಲ್ಲಿ ಬೇಸಿಗೆಯ ಮೊದಲ ಮಳೆಯ ಮರುದಿನ ಮೀನುಗಳು ಸತ್ತು ತೇಲುವುದು ಹೊಸತಲ್ಲ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತಿದ್ದವು. ಇಂಥ ಸಂದರ್ಭದಲ್ಲಿ ವಿದ್ಯಾರ್ಥಿಗಳು ಬರೆಯುವ ಪತ್ರಗಳು ಬಹುತೇಕ ‘ಕೆರೆಗೆ ವಿಷ ಸೇರಿದೆ’ ಎಂಬ ಒಂದೇ ವಾಕ್ಯದ ಸುತ್ತ ಸುತ್ತುತ್ತವೆ. ಆ ಮಾತು ಎಷ್ಟೋ ಸಲ ತಪ್ಪಾಗಿರುತ್ತದೆ.

ಮೊದಲ ಹೆಜ್ಜೆ, ಬರೆಯುವ ಮುನ್ನ ಕೆರೆ ದಂಡೆಗೆ ಹೋಗುವುದು, ಅದೂ ಬೆಳಗಿನ ಆರು ಗಂಟೆಯೊಳಗೆ. ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿವೆಯೇ, ಸತ್ತವುಗಳಲ್ಲಿ ದೊಡ್ಡ ಕಾಟ್ಲಾ, ರೋಹು ಹೆಚ್ಚಿವೆಯೇ, ನೇರವಾಗಿ ಗಾಳಿಯನ್ನು ಉಸಿರಾಡಬಲ್ಲ ಕೊರವ ಮೀನು ಬದುಕಿದೆಯೇ ಎಂಬುದನ್ನು ಸಮಯದೊಂದಿಗೆ ಬರೆದುಕೊಳ್ಳಿ. ಈ ಮೂರೂ ಕಂಡುಬಂದರೆ ಸಂದೇಹ ವಿಷಕ್ಕಿಂತ ಹೆಚ್ಚಾಗಿ ಆಮ್ಲಜನಕದ ಕೊರತೆಯ ಕಡೆಗೆ ವಾಲುತ್ತದೆ. ವಿಷವಾಗಿದ್ದರೆ ಹೊತ್ತು ನೋಡಿ ಕೊಲ್ಲುವುದಿಲ್ಲ. ಚಿಕ್ಕದು ದೊಡ್ಡದೆನ್ನದೆ ಯಾವ ಗಳಿಗೆಯಲ್ಲಾದರೂ ಮೀನುಗಳು ಸಾಯಬಹುದು.

ಎರಡನೆಯದು, ಕಾರಣದ ಸರಪಳಿಯನ್ನು ಬಿಡಿಸಿಕೊಳ್ಳುವುದು. ರಾಜಕಾಲುವೆಯಲ್ಲಿ ಬರುವ ಒಳಚರಂಡಿ ನೀರಿನಲ್ಲಿರುವ ಸಾರಜನಕ ಮತ್ತು ರಂಜಕ ಪಾಚಿಗೆ ಗೊಬ್ಬರವಾಗುತ್ತವೆ. ಹಸಿರುಗಟ್ಟಿದ ಪಾಚಿ ಹಗಲಿನಲ್ಲಿ ದ್ಯುತಿಸಂಶ್ಲೇಷಣೆಯಿಂದ ಆಮ್ಲಜನಕವನ್ನು ನೀರಿಗೆ ಬಿಡುತ್ತದೆಯಾದರೂ, ಕತ್ತಲಾದ ಮೇಲೆ ಅದೂ ಮೀನಿನಂತೆಯೇ ಆಮ್ಲಜನಕವನ್ನು ಬಳಸತೊಡಗುತ್ತದೆ. ಕೊಳೆಯನ್ನು ಜೀರ್ಣಿಸುವ ಬ್ಯಾಕ್ಟೀರಿಯಾಗಳಂತೂ ಹಗಲಿರುಳೂ ಬಳಸುತ್ತವೆ. ಹೀಗಾಗಿ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ನೀರಿನಲ್ಲಿ ಆಮ್ಲಜನಕದ ಪ್ರಮಾಣ ಅತಿ ಕಡಿಮೆಯಾಗಿರುತ್ತದೆ. ಬೇಸಿಗೆಯ ಬಿಸಿ ನೀರು ಮೊದಲೇ ಕಡಿಮೆ ಆಮ್ಲಜನಕ ಹಿಡಿದಿರುತ್ತದೆ; ಅದರ ಮೇಲೆ ಮೊದಲ ಮಳೆಯು ಕಾಲುವೆಯಲ್ಲಿ ತಿಂಗಳುಗಟ್ಟಲೆ ಕೂತಿದ್ದ ಹೂಳನ್ನು ಒಮ್ಮೆಲೇ ತಳ್ಳಿಕೊಂಡು ಬಂದರೆ ಒಂದೇ ರಾತ್ರಿಯಲ್ಲಿ ಕೆರೆ ಉಸಿರುಗಟ್ಟುತ್ತದೆ.

ಅಳತೆಯಲ್ಲಿ ಎಡವುವುದೂ ಇಲ್ಲಿಯೇ. ಕಾಲೇಜು ಮುಗಿಸಿ ಮಧ್ಯಾಹ್ನ ಮೂರಕ್ಕೆ ನೀರು ತಂದರೆ ಪಾಚಿ ತುಂಬಿದ ಕೆರೆಯೂ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಂತೆ ಮೀನುಗಾರಿಕೆಗೆ ತಕ್ಕ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ, ನೀರಿಗೆ ಒಂದಾದ ಮೇಲೊಂದು ರಾಸಾಯನಿಕ ಸೇರಿಸುವ ವಿಂಕ್ಲರ್ ವಿಧಾನದಿಂದ ಇದನ್ನು ಅಳೆಯಬಹುದು. ಆದರೆ ಬಾಟಲಿಯಲ್ಲಿ ಗಾಳಿಗುಳ್ಳೆ ಉಳಿಯಬಾರದು ಮತ್ತು ಮೊದಲ ಎರಡು ರಾಸಾಯನಿಕಗಳನ್ನು ದಂಡೆಯಲ್ಲೇ ಸೇರಿಸಬೇಕು. ಅಮೋನಿಯಾದಿಂದಲೂ ಮೀನು ಸಾಯಬಹುದಾದ್ದರಿಂದ ಪತ್ರದಲ್ಲಿ ‘ಇದೇ ಕಾರಣ’ ಎನ್ನದೆ ‘ಹೀಗೆ ಕಾಣುತ್ತದೆ’ ಎನ್ನುವುದೇ ಸರಿ.

ಮೂರನೆಯದು ಬೇಡಿಕೆ. ‘ಕೆರೆ ಶುದ್ಧಗೊಳಿಸಿ’ ಎಂದರೆ ಅದು ಯಾರ ಕೆಲಸವೂ ಆಗುವುದಿಲ್ಲ. ಒಳಚರಂಡಿ ಕೊಳವೆ ಜಲಮಂಡಳಿಗೆ ಸೇರಿದ್ದು, ರಾಜಕಾಲುವೆ ಪಾಲಿಕೆಯದು, ನೀರಿನ ಪರೀಕ್ಷೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು ಎಂಬುದನ್ನು ಗಮನದಲ್ಲಿಟ್ಟು ಯಾರಿಂದ ಏನು ಬೇಕೆಂದು ಹೇಳಿ. ಇಡೀ ಪತ್ರ ನೂರು ಪದಗಳ ಆಸುಪಾಸಿನಲ್ಲಿರಲಿ. ಹೆಸರು, ವಿಳಾಸ ಮತ್ತು ದೂರವಾಣಿ ಸಂಖ್ಯೆಯನ್ನು ಕೊನೆಯಲ್ಲಿ ಬರೆಯಿರಿ. ಮಾದರಿಗಾಗಿ ಕಲ್ಪಿಸಿಕೊಂಡ ಒಂದು ಪತ್ರ ಇಲ್ಲಿದೆ:

‘ಮಾನ್ಯ ಸಂಪಾದಕರೇ, ಸೋಮವಾರ ರಾತ್ರಿ ಮಳೆಯಾದ ನಂತರ ಮಂಗಳವಾರ ಬೆಳಗ್ಗೆ 5.45ಕ್ಕೆ ನಮ್ಮ ಬಡಾವಣೆಯ ಕೆರೆಯಲ್ಲಿ ನೂರಕ್ಕೂ ಹೆಚ್ಚು ಮೀನುಗಳು ಸತ್ತು ತೇಲುತ್ತಿದ್ದವು. ಉಳಿದವು ಮೇಲ್ಮೈಯಲ್ಲಿ ಬಾಯಿ ತೆರೆಯುತ್ತಿದ್ದವು. ಅದೇ ಹೊತ್ತಿನಲ್ಲಿ ಪೂರ್ವ ದಂಡೆಯ ಬಳಿ ಸಂಗ್ರಹಿಸಿದ ನೀರನ್ನು ಉಪನ್ಯಾಸಕರ ಸಮ್ಮುಖದಲ್ಲಿ ಪರೀಕ್ಷಿಸಿದಾಗ ಕರಗಿದ ಆಮ್ಲಜನಕ ಲೀಟರಿಗೆ 1.2 ಮಿಲಿಗ್ರಾಂ ಇತ್ತು. ಮಧ್ಯಾಹ್ನ ಅದೇ ಸ್ಥಳದಲ್ಲಿ 8 ಇತ್ತು. ಪಾಚಿ ಹೆಚ್ಚಿರುವ ಕೆರೆಗಳಲ್ಲಿ ಇಂಥ ಏರಿಳಿತ ಸಹಜವಾದ್ದರಿಂದ, ರಾತ್ರಿಯ ಆಮ್ಲಜನಕದ ಕೊರತೆಯಿಂದ ಮೀನುಗಳು ಸತ್ತಿರುವಂತೆ ಕಾಣುತ್ತದೆ. ರಾಜಕಾಲುವೆಗೆ ಸೇರುತ್ತಿರುವ ಒಳಚರಂಡಿ ನೀರನ್ನು ಜಲಮಂಡಳಿಯು ಕೊಳವೆಗೆ ತಿರುಗಿಸಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯು ಈ ಕೆರೆಯ ನೀರನ್ನು ಬೆಳಗಿನ ಆರು ಗಂಟೆಯೊಳಗೆ ಸಂಗ್ರಹಿಸಿ, ಅಮೋನಿಯಾವನ್ನೂ ಪರೀಕ್ಷಿಸಿ, ಫಲಿತಾಂಶವನ್ನು ದಂಡೆಯ ಫಲಕದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.’