ಎಪ್ಪತ್ತೈದು ಸೆಕೆಂಡಿನ ಶೋರೀಲ್‌ಗೆ ನಾನು ಆರಿಸಿದ್ದು, ಬಿಟ್ಟದ್ದು

ಬೇಕಲದ ಕಡೆಯ ರೆಸಾರ್ಟೊಂದಕ್ಕೆ ಕ್ಯಾಮೆರಾ ಮತ್ತು ಎಡಿಟಿಂಗ್ ಎರಡನ್ನೂ ಮಾಡುವವರು ಬೇಕಾಗಿದ್ದರು. ಅವರಿಗೆ ಕಳಿಸಲು ನನ್ನ ಕೆಲಸದ ತುಣುಕುಗಳನ್ನು ಸೇರಿಸಿದ ಚಿಕ್ಕ ವಿಡಿಯೊ, ಅಂದರೆ ಶೋರೀಲ್, ಮಾಡಬೇಕಿತ್ತು. ಕುಂಬಳೆಯ ಸುತ್ತಮುತ್ತ ವರ್ಷಗಳಿಂದ ತೆಗೆದ ಮದುವೆ, ಯಕ್ಷಗಾನದ ಆಟ, ಶಾಲಾ ವಾರ್ಷಿಕೋತ್ಸವ, ಹೋಟೆಲ್ ಜಾಹೀರಾತು ಎಲ್ಲ ನನ್ನ ಹಾರ್ಡ್‌ಡಿಸ್ಕಿನಲ್ಲಿತ್ತು. ಒಳ್ಳೆಯದೆನಿಸಿದ್ದನ್ನೆಲ್ಲ ಟೈಮ್‌ಲೈನಿಗೆ ಹಾಕಿದಾಗ ಆರು ನಿಮಿಷ ದಾಟಿತು.

ಕಡಿಮೆ ಮಾಡಲು ಒಂದೇ ಪ್ರಶ್ನೆ ಇಟ್ಟುಕೊಂಡೆ: "ಇದರಲ್ಲಿ ನೀವು ಮಾಡಿದ್ದೇನು?" ಎಂದು ಕೇಳಿದರೆ ಉತ್ತರವಿದೆಯೇ? ಡ್ರೋನ್ ಶಾಟ್‌ಗಳು ಚಂದವಿದ್ದವು, ಆದರೆ ಹಾರಿಸಿದ್ದು ಬಾಡಿಗೆಗೆ ಬಂದ ಬೇರೆಯವರು; ತೆಗೆದೆ. ಮದುವೆಗಳಲ್ಲಿ ಮನೆಯವರು ಒಪ್ಪಿದ ಒಂದನ್ನಷ್ಟೇ ಉಳಿಸಿದೆ. ಶಾಲೆಯ ಮಕ್ಕಳ ಮುಖಗಳಿದ್ದ ಭಾಗ ಪೂರ್ತಿ ಹೋಯಿತು.

ಆಮೇಲೆ ಉಳಿದದ್ದು ಮುಖ್ಯ ಸಂಗತಿ. ಒಂದೊಂದು ಸೆಕೆಂಡಿನ ಚಂದದ ತುಣುಕುಗಳನ್ನು ಹಾಡಿನ ತಾಳಕ್ಕೆ ಜೋಡಿಸಿದರೆ ಕ್ಯಾಮೆರಾ ಕೆಲಸ ಕಾಣುತ್ತದೆ, ಎಡಿಟಿಂಗ್ ಕಾಣುವುದಿಲ್ಲ. ಶಾಟ್‌ಗಳನ್ನು ಒಂದಕ್ಕೊಂದು ಹೊಂದಿಸಿ ಕತೆ ನಡೆಸಬಲ್ಲೆ ಎನ್ನುವುದಕ್ಕೆ ಒಂದಾದರೂ ಅಖಂಡ ದೃಶ್ಯ ಬೇಕು. ಅದಕ್ಕೆ ನಾನು ಯಕ್ಷಗಾನದವರು ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಯ ದೃಶ್ಯವನ್ನು ಆರಿಸಿ ಇಪ್ಪತ್ತೆರಡು ಸೆಕೆಂಡು ಕೊಟ್ಟೆ. ಕನ್ನಡಿಯೆದುರು ಬಣ್ಣದ ವೇಷದವರು ಕೂತಿದ್ದಾರೆ. ಕೆನ್ನೆಯ ಮೇಲೆ ಚುಟ್ಟಿಯ ಬಿಳಿ ಚುಕ್ಕಿಗಳು ಒಂದೊಂದಾಗಿ ಏಳುತ್ತವೆ. ಕಿರೀಟದ ಹಗ್ಗ ಬಿಗಿಯುತ್ತದೆ. ಇನ್ನೂ ಚೌಕಿಯೊಳಗೇ ಇರುವಾಗ ಹೊರಗಿನ ಚೆಂಡೆ ಕೇಳಲು ಶುರುವಾಗುತ್ತದೆ, ನಂತರವೇ ರಂಗಸ್ಥಳ ಕಾಣುತ್ತದೆ. ದೃಶ್ಯಕ್ಕಿಂತ ಸದ್ದನ್ನು ಮುಂದೆ ತರುವ ಈ ಜೆ ಕಟ್ ಒಂದೇ ನನ್ನ ಎಡಿಟಿಂಗ್ ಬಗ್ಗೆ ಹತ್ತು ತುಣುಕುಗಳಿಗಿಂತ ಹೆಚ್ಚು ಹೇಳುತ್ತದೆ ಎಂದು ನನ್ನ ನಂಬಿಕೆ. ಇಲ್ಲಿ ಹಿನ್ನೆಲೆ ಹಾಡು ಹಾಕಲಿಲ್ಲ, ಸ್ಥಳದ ಸದ್ದನ್ನೇ ಬಿಟ್ಟೆ.

ಉಳಿದದ್ದು ಇದರ ಸುತ್ತ ಕೂತಿತು. ಮೊದಲ ಎಂಟು ಸೆಕೆಂಡಿಗೆ ಹೋಟೆಲ್ ಅಡುಗೆಮನೆಯ ಶಾಟ್‌ಗಳು, ಯಾಕೆಂದರೆ ರೆಸಾರ್ಟಿನವರಿಗೆ ಹತ್ತಿರದ ಕೆಲಸ ಅದೇ. ಹೆಸರಿನ ಕಾರ್ಡು ಮೊದಲು ಹಾಕಿದರೆ ಆ ಸಮಯ ಹೋಗುತ್ತದೆ. ಚೌಕಿಯ ನಂತರ ಮದುವೆಯ ಭಾಗ, ಹಗಲ ಬೆಳಕಿನಲ್ಲಿ ತೆಗೆದ ಇನ್ನೊಂದು ಜಾಹೀರಾತು. ಪ್ರತಿ ಭಾಗದ ಮೂಲೆಯಲ್ಲಿ "ಕ್ಯಾಮೆರಾ, ಎಡಿಟಿಂಗ್" ಅಥವಾ "ಎಡಿಟಿಂಗ್ ಮಾತ್ರ" ಎಂದು ಬರೆದೆ. ಕೊನೆಗೆ ನಾಲ್ಕು ಸೆಕೆಂಡು ಹೆಸರು ಮತ್ತು ಫೋನ್ ನಂಬರ್. ಒಟ್ಟು ಎಪ್ಪತ್ತೈದು.

ಮುಗಿದ ಮೇಲೆ ಸದ್ದು ಮುಚ್ಚಿ ಫೋನಿನಲ್ಲಿ ನೋಡಿದೆ. ಹಾಡಿಲ್ಲದೆ ಯಾವ ಕಟ್ ಕಾರಣವಿಲ್ಲದೆ ಬಂದಂತೆ ಕಾಣುತ್ತದೋ ಅದು ತಾಳವನ್ನು ನೆಚ್ಚಿಕೊಂಡ ಕಟ್. ಮದುವೆಯ ಭಾಗದಲ್ಲಿ ಅಂಥವು ಸಿಕ್ಕವು. ಶಾಟ್‌ಗಳನ್ನು ಕಡಿಮೆ ಮಾಡಿ, ಉಳಿದವನ್ನು ತುಸು ಉದ್ದ ಬಿಟ್ಟೆ. ಆಮೇಲೆ ಪರದೆ ನೋಡದೆ ಕೇಳಿದೆ: ಅಡುಗೆಮನೆಯಿಂದ ಚೆಂಡೆಗೆ ಬರುವಲ್ಲಿ ಸದ್ದು ಒಮ್ಮೆಲೇ ಜಿಗಿಯುತ್ತಿತ್ತು, ಚೆಂಡೆಯ ಮಟ್ಟ ಇಳಿಸಿದೆ.

ರೆಸಾರ್ಟಿನವರಿಗೆ ಕಳಿಸಿದ್ದು ಲಿಂಕ್. ವಾಟ್ಸಾಪ್‌ನಲ್ಲಿ ಮಾಮೂಲಿ ವಿಡಿಯೊ ಆಗಿ ಕಳಿಸಿದರೆ ಅದು ಕುಗ್ಗಿ, ಚುಟ್ಟಿಯ ಚುಕ್ಕಿಗಳೆಲ್ಲ ಕಲಸಿ ಬಿಳಿ ಪಟ್ಟಿಯಾಗುತ್ತವೆ.